ಸ್ಕ್ರಿಪ್ಟ್ ತಿದ್ದಿಕೊಡಿ ಎಂದು ಮೇಷ್ಟ್ರಿಗೆ ಹೇಗೆ ಬರೆಯುವುದು?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಪಾತ್ರೆ ಅಂಗಡಿ ಇದೆ. ದೀಪಾವಳಿಗೆ ಎಫ್‌ಎಂ ರೇಡಿಯೊದಲ್ಲಿ 30 ಸೆಕೆಂಡಿನ ಜಾಹೀರಾತು ಕೊಡೋಣವೆಂದು, ನಾಟಕ ಬರೆಯುವ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಸ್ಕ್ರಿಪ್ಟ್ ಬರೆಸಿದೆ. ಅತ್ತೆ ಸೊಸೆಯ ಮಾತುಕತೆ. ಅವರೇ ಓದಿ ವಾಟ್ಸ್‌ಆ್ಯಪಿನಲ್ಲಿ ಧ್ವನಿ ಸಂದೇಶವನ್ನೂ ಕಳಿಸಿದ್ದರು. ಕೇಳಿದರೆ ನಗು ಬರುತ್ತದೆ. ಆದರೆ ಉದ್ದವಾಯಿತು ಅನ್ನಿಸುತ್ತಿದೆ, ಧಾಟಿಯೂ ನಮ್ಮ ಅಂಗಡಿಗೆ ಅಷ್ಟಾಗಿ ಒಗ್ಗುತ್ತಿಲ್ಲ. ಅವರು ನನಗಿಂತ ಹಿರಿಯರು, ಪ್ರೀತಿಯಿಂದ ಬರೆದುಕೊಟ್ಟಿದ್ದಾರೆ. ಮನಸ್ಸಿಗೆ ಬೇಸರವಾಗದ ಹಾಗೆ ತಿದ್ದಿಕೊಡಿ ಎಂದು ಹೇಗೆ ಬರೆಯಲಿ? ಸ್ಕ್ರಿಪ್ಟನ್ನೂ ನಾನು ಬರೆದ ಕರಡನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ಎರಡನ್ನೂ ಕಳಿಸಿದ್ದು ಒಳ್ಳೆಯದಾಯಿತು. ಮರ್ಯಾದೆಯ ಮಾತನ್ನು ಬರೀ ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ, ಕಣ್ಣೆದುರು ಕಾಗದವಿದ್ದರೆ ಸುಲಭ. ನಿಮ್ಮ ಸಂದೇಹದಲ್ಲಿ ಎರಡು ಭಾಗಗಳಿವೆ. ಒಂದು, ಹಿರಿಯರಿಗೆ ತಿದ್ದುಪಡಿ ಹೇಳುವ ಸಂಕೋಚ. ಇನ್ನೊಂದು, ಏನನ್ನು ತಿದ್ದಬೇಕು ಎಂಬುದೇ ನಿಮಗಿನ್ನೂ ಪೂರ್ತಿ ಸ್ಪಷ್ಟವಾಗಿಲ್ಲ. ಎರಡನೆಯದು ಬಗೆಹರಿದರೆ ಮೊದಲನೆಯದು ಮುಕ್ಕಾಲು ಪಾಲು ತಾನಾಗಿ ಇಳಿಯುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಕರಡು ಹೀಗಿದೆ: "ಸ್ಕ್ರಿಪ್ಟ್ ತುಂಬಾ ಚೆನ್ನಾಗಿದೆ ಮೇಷ್ಟ್ರೇ. ಸ್ವಲ್ಪ ಚಿಕ್ಕದು ಮಾಡಿ, ಧಾಟಿ ಒಂಚೂರು ಬದಲಾಯಿಸಿ ಕೊಟ್ಟರೆ ಸಾಕು. ಬೇರೆ ಏನಿಲ್ಲ." ಇದರಲ್ಲಿ ಒರಟುತನ ಎಲ್ಲೂ ಇಲ್ಲ. ಆದರೆ ಇದನ್ನು ಓದಿ ಮೇಷ್ಟ್ರು ಏನು ಮಾಡಬೇಕು? ಸ್ವಲ್ಪ ಎಂದರೆ ಎಷ್ಟು? ಧಾಟಿ ಎಂದರೆ ಅತ್ತೆಯ ಮಾತೋ, ಸೊಸೆಯ ಮಾತೋ, ಕೊನೆಯ ಘೋಷಣೆಯೋ? ಅವರು ತಮಗೆ ತೋಚಿದ ಕಡೆ ಕತ್ತರಿ ಹಾಕುತ್ತಾರೆ. ನಿಮಗೆ ಇಷ್ಟವಾಗಿದ್ದ ಸಾಲೇ ಹೋಗಿರುತ್ತದೆ, ಬೇಡವಾಗಿದ್ದದ್ದು ಉಳಿದಿರುತ್ತದೆ. ಆಮೇಲೆ ಎರಡನೇ ಸಲ, ಮೂರನೇ ಸಲ ಹೇಳಬೇಕಾಗುತ್ತದೆ. ಬರೆಯುವವರಿಗೆ ಬೇಸರ ಬರುವುದು ಹೆಚ್ಚಾಗಿ ಆಗಲೇ. ಎಲ್ಲಿ, ಎಷ್ಟು, ಯಾಕೆ ಎಂದು ಒಂದೇ ಸಲಕ್ಕೆ ಗೊತ್ತಾದರೆ ಅನುಭವಿ ಬರಹಗಾರರು ಕೂತು ಅರ್ಧ ಗಂಟೆಯಲ್ಲಿ ತಿದ್ದಿಬಿಡುತ್ತಾರೆ.

ಮೊದಲು ಉದ್ದದ ವಿಚಾರ. ರೇಡಿಯೊ ಸ್ಕ್ರಿಪ್ಟಿನ ಉದ್ದವನ್ನು ಕಣ್ಣಿನಿಂದ ಅಳೆಯಲು ಬರುವುದಿಲ್ಲ, ಗಡಿಯಾರ ಹಿಡಿದು ಗಟ್ಟಿಯಾಗಿ ಓದಿಯೇ ಅಳೆಯಬೇಕು. ಇಂಗ್ಲಿಷ್ ಜಾಹೀರಾತಿನವರು 30 ಸೆಕೆಂಡಿಗೆ ಸುಮಾರು 75 ಪದ ಎಂಬ ಲೆಕ್ಕ ಇಟ್ಟುಕೊಳ್ಳುತ್ತಾರೆ. ಆ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. 'ಅಂಗಡಿಯಲ್ಲಿದೆಯಂತಲ್ಲ' ಎಂಬುದು ನಮ್ಮಲ್ಲಿ ಒಂದೇ ಪದ, ಆದರೆ ಅದರಲ್ಲಿ ಒಂಬತ್ತು ಅಕ್ಷರಗಳಿವೆ. ಆದ್ದರಿಂದ ಕನ್ನಡದಲ್ಲಿ ಪದಕ್ಕಿಂತ ಅಕ್ಷರ ಎಣಿಸುವುದು ಮೇಲು. ಆರಾಮಾಗಿ, ಕೇಳುವವರಿಗೆ ಅರ್ಥವಾಗುವ ಹಾಗೆ ಓದಿದರೆ ಒಂದು ಸೆಕೆಂಡಿಗೆ ಐದಾರು ಅಕ್ಷರ ಸಾಗುತ್ತದೆ. ಶಬ್ದ, ಸಂಗೀತ, ಇಬ್ಬರ ಮಾತಿನ ನಡುವಿನ ತಡೆ ಎಲ್ಲ ಕಳೆದರೆ 30 ಸೆಕೆಂಡಿನ ಸಂಭಾಷಣೆಗೆ 140 ಅಕ್ಷರದ ಆಸುಪಾಸು ಸಿಗುತ್ತದೆ. ಪದದಲ್ಲಿ ಹೇಳುವುದಾದರೆ ನಲವತ್ತು, ಅಷ್ಟೆ.

ನೀವು ಕಳಿಸಿದ ಸ್ಕ್ರಿಪ್ಟನ್ನು ಗಡಿಯಾರ ಇಟ್ಟು ಓದಿ ನೋಡಿದೆ. ಆರಂಭದ ಪಾತ್ರೆ ಬೀಳುವ ಸದ್ದಿಗೆ 2 ಸೆಕೆಂಡು, ಅತ್ತೆ ಸೊಸೆಯ ಮಾತಿಗೆ 19, ಸಾಮಾನುಗಳ ಪಟ್ಟಿಗೆ 8, ಅಂಗಡಿಯ ವಿಳಾಸಕ್ಕೆ 7, ಎರಡು ಸಲ ಹೇಳುವ ಫೋನ್ ನಂಬರಿಗೆ 10. ಒಟ್ಟು 46 ಸೆಕೆಂಡು. ಅಂದರೆ ನಿಮಗೆ ಅನ್ನಿಸಿದ್ದು ಸರಿ, 16 ಸೆಕೆಂಡು ಹೆಚ್ಚಾಗಿದೆ.

ಈಗ ಈ ಲೆಕ್ಕವನ್ನು ಇನ್ನೊಂದು ಸಲ ನೋಡಿ. ಕಥೆ ಇರುವುದು 19 ಸೆಕೆಂಡು ಮಾತ್ರ. ಆರಂಭದ ಸದ್ದು ಬಿಟ್ಟರೆ ಉಳಿದ 25 ಸೆಕೆಂಡು ಪಟ್ಟಿ, ವಿಳಾಸ, ಫೋನ್ ನಂಬರು. ಇವು ಮೇಷ್ಟ್ರ ಕಲ್ಪನೆಯಲ್ಲ, ಸೇರಿಸಲೇಬೇಕು ಎಂದು ನೀವೇ ಕೊಟ್ಟ ವಿವರಗಳು. ಅಂಗಡಿಯವರು ಎಲ್ಲರೂ ಕೊಡುತ್ತಾರೆ, ಅದು ಸಹಜ. ದುಡ್ಡು ಕೊಟ್ಟು ಹಾಕಿಸುವ ಜಾಹೀರಾತಿನಲ್ಲಿ ಎಲ್ಲವೂ ಇರಲಿ ಅನ್ನಿಸುತ್ತದೆ. ಆದರೆ ಉದ್ದ ಬಂದಿರುವುದು ಎಲ್ಲಿಂದ ಎಂದು ತಿಳಿದ ಮೇಲೆ, ಅದನ್ನು ಬರೆದವರ ಮೇಲೆ ಹಾಕಲು ಆಗುವುದಿಲ್ಲ. ನಿಮ್ಮ ಸಂಕೋಚಕ್ಕೆ ಇದೇ ದೊಡ್ಡ ಔಷಧಿ. "ನಾನು ಕೊಟ್ಟ ವಿವರ ಜಾಸ್ತಿಯಾಯಿತು, ಅದನ್ನು ತೆಗೆಯೋಣ" ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ನಯಕ್ಕಾಗಿ ಕಟ್ಟಿದ ಮಾತಾಗುವುದಿಲ್ಲ, ನಿಜವೇ ಅದು.

ಏನೇನು ತೆಗೆಯಬಹುದು? ಫೋನ್ ನಂಬರು ಪೂರ್ತಿ ಹೋಗಲಿ ಎನ್ನುತ್ತೇನೆ. ಹತ್ತು ಅಂಕಿ ಹೇಳಲು 5 ಸೆಕೆಂಡು ಬೇಕು. ಸ್ಕೂಟರಿನಲ್ಲೋ ಅಡುಗೆಮನೆಯಲ್ಲೋ ಇದ್ದುಕೊಂಡು ಕೇಳುವವರು ಅದನ್ನು ಬರೆದುಕೊಳ್ಳುವುದಿಲ್ಲ, ನೆನಪೂ ಉಳಿಯುವುದಿಲ್ಲ. ಪಾತ್ರೆಯನ್ನು ಕೈಯಲ್ಲಿ ಹಿಡಿದು, ತೂಕ ನೋಡಿ ಕೊಳ್ಳುವವರೇ ಹೆಚ್ಚು, ಅವರು ಫೋನ್ ಮಾಡುವುದಕ್ಕಿಂತ ಅಂಗಡಿಗೇ ಬರುತ್ತಾರೆ. ವಿಳಾಸದಲ್ಲಿ ಅಡ್ಡರಸ್ತೆ, ಮಳಿಗೆ ಸಂಖ್ಯೆ ಬೇಡ. 'ಚಿಕ್ಕ ಗಡಿಯಾರದ ಎದುರು' ಎಂದರೆ ಮೈಸೂರಿನವರಿಗೆ ಸಾಕು, ಅದಕ್ಕೆ 3 ಸೆಕೆಂಡು. ಪಟ್ಟಿಯಲ್ಲಿ ಹಂಡೆ, ಕೊಳಗ, ಬಿಂದಿಗೆಯಿಂದ ಹಿಡಿದು ಟಿಫಿನ್ ಕ್ಯಾರಿಯರ್ ತನಕ ಎಂಟು ಹೆಸರುಗಳಿವೆ. ಮೊದಲ ಮೂರು ಉಳಿಸಿ. ದೀಪಾವಳಿ ಶುರುವಾಗುವುದೇ ನೀರು ತುಂಬುವ ಹಬ್ಬದಿಂದ. ಹಂಡೆ ತಿಕ್ಕಿ ತೊಳೆದು ನೀರು ತುಂಬಿಸುವ ಆ ದಿನಕ್ಕೆ ಈ ಮೂರೂ ನೇರ ಸಂಬಂಧದವು. ಟಿಫಿನ್ ಕ್ಯಾರಿಯರಿಗೆ ಶಾಲೆ ತೆರೆಯುವ ಕಾಲದಲ್ಲಿ ಇನ್ನೊಂದು ಜಾಹೀರಾತು ಕೊಡಬಹುದು. ಈಗ ಪಟ್ಟಿ 4 ಸೆಕೆಂಡಿಗೆ ಬಂತು. ಕೂಡಿಸಿ: 2, 19, 4, 3. ಒಟ್ಟು 28. ಕೊನೆಯಲ್ಲಿ ಅಂಗಡಿಯ ಹೆಸರನ್ನು ನಿಧಾನವಾಗಿ ಹೇಳಲು 2 ಸೆಕೆಂಡು ಉಳಿಯಿತು. ಮೇಷ್ಟ್ರ ಕಥೆಯ ಒಂದು ಸಾಲನ್ನೂ ಉದ್ದದ ಕಾರಣಕ್ಕೆ ಮುಟ್ಟಬೇಕಾಗಿಲ್ಲ.

ಕೆಲವರು ಸ್ಟುಡಿಯೊದಲ್ಲಿ ಬೇಗ ಬೇಗ ಓದಿಸಿದರಾಯಿತು, ಇಲ್ಲವೇ ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸಿದರಾಯಿತು ಎನ್ನುತ್ತಾರೆ. ಒಂದೆರಡು ಸೆಕೆಂಡಿಗೆ ಅದು ನಡೆಯುತ್ತದೆ. 46ನ್ನು 30ಕ್ಕೆ ಹಿಸುಕಿದರೆ ಮಾತು ಹರಾಜು ಕೂಗಿದ ಹಾಗೆ ಕೇಳಿಸುತ್ತದೆ, ನಗುವಿನ ಜಾಗ ಪೂರ್ತಿ ಮುಚ್ಚಿಹೋಗುತ್ತದೆ. ಇನ್ನೊಂದು ವಿಷಯ, ರೇಡಿಯೊದಲ್ಲಿ ದರ ಸಾಮಾನ್ಯವಾಗಿ 10 ಸೆಕೆಂಡಿನ ಲೆಕ್ಕದಲ್ಲಿರುತ್ತದೆ. 30 ದಾಟಿದರೆ ಏನು ಮಾಡುತ್ತಾರೆ ಎಂದು ನಿಮ್ಮ ಕೇಂದ್ರದವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಧಾಟಿ. ಇಲ್ಲಿ ಹಲವರಿಗೆ ಒಂದು ಗೊಂದಲವಾಗುತ್ತದೆ, ನಿಮಗೂ ಆಗಿರಬಹುದು. ಮೇಷ್ಟ್ರು ಸ್ಕ್ರಿಪ್ಟನ್ನು ತಾವೇ ಓದಿ ವಾಟ್ಸ್‌ಆ್ಯಪಿನಲ್ಲಿ ಧ್ವನಿ ಸಂದೇಶ ಕಳಿಸಿದ್ದರು ಎಂದು ಬರೆದಿದ್ದೀರಿ. ನಾಟಕದವರು ಓದುವಾಗ ವೇದಿಕೆಯ ದನಿ ಬರುತ್ತದೆ, ಅತ್ತೆಯ ಮಾತಿಗೆ ಗುಡುಗು ಸೇರುತ್ತದೆ. ಹಾಗಾದರೆ ನಿಮಗೆ ಒಗ್ಗದೆ ಇದ್ದದ್ದು ಬರವಣಿಗೆಯೋ, ಓದಿದ ರೀತಿಯೋ? ಎರಡೂ ಬೇರೆ ಬೇರೆ. ಓದಿನ ರೀತಿಯನ್ನು ಸ್ಟುಡಿಯೊದಲ್ಲಿ ಧ್ವನಿ ಕೊಡುವ ಕಲಾವಿದರಿಗೆ ಹೇಳಿ ಸರಿಪಡಿಸಬಹುದು, ಅದಕ್ಕಾಗಿ ಬರೆದವರನ್ನು ತಿದ್ದಲು ಕೇಳುವುದು ನ್ಯಾಯವಲ್ಲ. ಪರೀಕ್ಷಿಸುವುದು ಸುಲಭ. ಮನೆಯಲ್ಲಿ ಆ ಧ್ವನಿ ಸಂದೇಶ ಕೇಳಿರದ ಯಾರಿಗಾದರೂ ಸ್ಕ್ರಿಪ್ಟ್ ಕೊಟ್ಟು, ಏರಿಳಿತವಿಲ್ಲದೆ ಸುಮ್ಮನೆ ಓದಿಸಿ. ಆಗಲೂ ಯಾವ ಮಾತು ಚುಚ್ಚುತ್ತದೋ ಅದು ಬರವಣಿಗೆಯಲ್ಲಿ ಇರುವಂಥದ್ದು. ಚುಚ್ಚದೆ ಹೋದದ್ದು ಓದಿನಲ್ಲಿ ಬಂದದ್ದು.

ನಾನು ಹಾಗೆ ಓದಿದಾಗ ಎರಡೇ ಜಾಗ ಉಳಿದವು. ಮೊದಲನೆಯದು ಅತ್ತೆಯ ಮಾತು:

ಅತ್ತೆ: ಮೂರು ತಿಂಗಳಲ್ಲಿ ಎರಡು ಪಾತ್ರೆ ತಳ ಹಿಡಿಸಿದೀಯ. ನಿಮ್ಮಮ್ಮ ಅಡುಗೆ ಕಲಿಸ್ಲಿಲ್ವ?
ಸೊಸೆ: ತಳ ತೆಳ್ಳಗಿದ್ರೆ ನಾನೇನ್ ಮಾಡ್ಲಿ ಅತ್ತೆ?

ಸೊಸೆಯ ಉತ್ತರ ಬಹಳ ಚೆನ್ನಾಗಿದೆ. ಇಡೀ ಜಾಹೀರಾತಿನಲ್ಲಿ ನಿಮ್ಮ ಸರಕನ್ನು ಮಾರುವ ಮಾತು ಅದೇ. ತೆಳುವಾದ ಸ್ಟೀಲಿನಲ್ಲಿ ಬಿಸಿ ಸಮನಾಗಿ ಹರಡುವುದಿಲ್ಲ, ಉರಿ ತಗುಲಿದ ಕಡೆಯೇ ಅನ್ನ ಸೀಯುತ್ತದೆ. ದಪ್ಪ ತಳದ ಪಾತ್ರೆ ಯಾಕೆ ಬೇಕು ಎಂಬುದನ್ನು ಮೇಷ್ಟ್ರು ಒಂದು ಪ್ರಶ್ನೆಯಲ್ಲಿ ಮುಗಿಸಿದ್ದಾರೆ. ಅದನ್ನು ಯಾರೂ ಮುಟ್ಟಬಾರದು. ತೊಡಕಿರುವುದು ಅದಕ್ಕೆ ಮುಂಚಿನ 'ನಿಮ್ಮಮ್ಮ ಅಡುಗೆ ಕಲಿಸ್ಲಿಲ್ವ' ಎಂಬಲ್ಲಿ. ದೀಪಾವಳಿ ಆಗಿ ತುಳಸಿ ಹಬ್ಬ ಕಳೆಯಿತೆಂದರೆ ಮದುವೆಗಳು ಶುರು. ಮಗಳಿಗೆ ಪಾತ್ರೆ ಕೊಳ್ಳಲು ನಿಮ್ಮ ಅಂಗಡಿಗೆ ಬರುವವರು ಹುಡುಗಿಯ ತಾಯಂದಿರು. ಆ ಸಾಲು ಹಂಗಿಸುವುದು ಸೊಸೆಯನ್ನು ಮಾತ್ರವಲ್ಲ, ಅವಳ ತಾಯಿಯನ್ನು. ಅಂದರೆ ನಿಮ್ಮ ಗಿರಾಕಿಯನ್ನೇ. ನಿಮಗೆ 'ಒಗ್ಗುತ್ತಿಲ್ಲ' ಅನ್ನಿಸಿದ್ದಕ್ಕೆ ಕಾರಣ ಇದೇ ಇರಬೇಕು.

ಎರಡನೆಯದು ಕೊನೆಯ ಘೋಷಣೆ: 'ಇಂದೇ ಭೇಟಿ ನೀಡಿ, ಕೊಂಡು ಸಂತೃಪ್ತರಾಗಿ.' ಅಲ್ಲಿಯವರೆಗೆ ಮನೆಯ ಮಾತು ಆಡುತ್ತಿದ್ದವರು ಇದ್ದಕ್ಕಿದ್ದಂತೆ ಕರಪತ್ರ ಓದಿದ ಹಾಗಾಗುತ್ತದೆ. ಇದು ದೊಡ್ಡ ವಿಷಯವೇನಲ್ಲ. ಇದನ್ನೂ ಮನೆಮಾತಿನಲ್ಲೇ ಬರೆದುಕೊಡಿ ಎಂದರೆ ಸಾಕು.

ನೋಡಿ, 'ಧಾಟಿ ಬದಲಾಯಿಸಿ' ಎಂಬ ದೊಡ್ಡ ಮಾತು ಈಗ ಎರಡು ಸಾಲಿಗೆ ಇಳಿಯಿತು. ಧಾಟಿಯ ಬಗ್ಗೆ ಬರೆಯುವಾಗ ಸಾಲನ್ನು ಎತ್ತಿ ತೋರಿಸಿ, ಅದನ್ನು ಕೇಳಿದವರಿಗೆ ಏನನ್ನಿಸಬಹುದು ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ. ಬದಲಿ ಸಾಲನ್ನು ನೀವೇ ಬರೆದು ಕಳಿಸಬೇಡಿ. ಸಹಾಯ ಮಾಡುವ ಉದ್ದೇಶದಿಂದಲೇ ಹಲವರು ಹಾಗೆ ಮಾಡುತ್ತಾರೆ. ಆದರೆ ಬರೆಯುವವರನ್ನು ಹೆಚ್ಚು ನೋಯಿಸುವುದು ತಪ್ಪು ತೋರಿಸಿದ್ದಕ್ಕಿಂತ ತಮ್ಮ ಕೆಲಸವನ್ನು ಬೇರೆಯವರು ಮಾಡಿ ಕೈಗಿಟ್ಟದ್ದು. ಮೇಲಾಗಿ, ನಿಮ್ಮ ಕಷ್ಟ ಏನೆಂದು ತಿಳಿದರೆ ನೀವು ಊಹಿಸಿದ್ದಕ್ಕಿಂತ ಒಳ್ಳೆಯ ಸಾಲನ್ನು ಮೇಷ್ಟ್ರೇ ಕೊಟ್ಟಾರು.

ಇಲ್ಲಿ ಒಂದು ನಿಯಮದ ಮಾತನ್ನೂ ಹೇಳಬೇಕು. ಟಿ.ವಿ. ವಾಹಿನಿಗಳಿಗೆ ಅನ್ವಯಿಸುವ 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ, ಹೆಂಗಸರನ್ನು ಮನೆಯಲ್ಲಿ ಅಧೀನರೆಂಬಂತೆ ತೋರಿಸುವ ಜಾಹೀರಾತು ಕೂಡದು ಎಂಬ ಅಂಶವಿದೆ. ನಾಳೆ ಇದೇ ಕಥೆಯನ್ನು ಸ್ಥಳೀಯ ಕೇಬಲ್ ವಾಹಿನಿಗೂ ಕೊಡುವ ಯೋಚನೆ ಇದ್ದರೆ ನಿಮ್ಮ ನೆನಪಿನಲ್ಲಿರಲಿ. ಆದರೆ ಮೇಷ್ಟ್ರಿಗೆ ಬರೆಯುವ ಟಿಪ್ಪಣಿಯಲ್ಲಿ ನಿಯಮವನ್ನು ಮುಂದೆ ಹಿಡಿಯಬೇಡಿ. ಹುಡುಗಿಯ ತಾಯಿಗೆ ಬೇಸರವಾದೀತು ಎಂಬ ಕಾರಣ ಅವರ ಮನಸ್ಸಿಗೆ ತಟ್ಟುತ್ತದೆ, ನಿಯಮ ತೋರಿಸಿದರೆ ಆಪಾದನೆ ಹೊರಿಸಿದಂತಾಗುತ್ತದೆ.

ಇಷ್ಟು ತಯಾರಿ ಆದ ಮೇಲೆ ಟಿಪ್ಪಣಿ ಬರೆಯುವುದು ಕಷ್ಟವಲ್ಲ. ಅವರು ಹಿರಿಯರಾದ್ದರಿಂದ ಮೊದಲು ಒಂದು ಫೋನ್ ಮಾಡಿ, "ಸ್ಕ್ರಿಪ್ಟ್ ಓದಿದೆ ಮೇಷ್ಟ್ರೇ, ಒಂದೆರಡು ವಿಷಯ ಬರೆದು ಕಳಿಸುತ್ತೇನೆ, ಬಿಡುವಾದಾಗ ನೋಡಿ" ಎಂದು ತಿಳಿಸಿ. ತಿದ್ದುಪಡಿಗಳನ್ನು ಫೋನಿನಲ್ಲೇ ಹೇಳಲು ಹೋಗಬೇಡಿ. ಬಾಯಲ್ಲಿ ಹೇಳಿದ ಸೆಕೆಂಡುಗಳು ಯಾರ ನೆನಪಿನಲ್ಲೂ ಸರಿಯಾಗಿ ಉಳಿಯುವುದಿಲ್ಲ. ಆಮೇಲೆ ಹೀಗೆ ಬರೆಯಬಹುದು:

"ಮೇಷ್ಟ್ರೇ, ನಮಸ್ಕಾರ.

ಸ್ಕ್ರಿಪ್ಟನ್ನು ಮನೆಯಲ್ಲಿ ಎಲ್ಲರೂ ಕೂತು ಓದಿದೆವು. 'ತಳ ತೆಳ್ಳಗಿದ್ರೆ ನಾನೇನ್ ಮಾಡ್ಲಿ ಅತ್ತೆ' ಎಂಬ ಮಾತಿಗೆ ಎಲ್ಲರೂ ನಕ್ಕರು. ದಪ್ಪ ತಳದ ಪಾತ್ರೆಯ ವಿಷಯ ಇಷ್ಟು ಸುಲಭವಾಗಿ ಹೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಆ ಸಾಲು ಹಾಗೇ ಇರಲಿ.

ಎರಡು ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ.

ಮೊದಲನೆಯದು ಉದ್ದ. ಗಡಿಯಾರ ಇಟ್ಟು ಓದಿದರೆ 46 ಸೆಕೆಂಡು ಬರುತ್ತಿದೆ. ರೇಡಿಯೊದಲ್ಲಿ ನಾನು ಮಾತಾಡಿರುವುದು 30ಕ್ಕೆ. ಹೆಚ್ಚಾಗಿರುವುದು ನಾನು ಕೊಟ್ಟ ವಿವರಗಳಿಂದ, ಕಥೆಯಿಂದಲ್ಲ. ಫೋನ್ ನಂಬರು ಎರಡೂ ಕಡೆ ತೆಗೆದುಬಿಡಿ. ವಿಳಾಸ 'ಚಿಕ್ಕ ಗಡಿಯಾರದ ಎದುರು' ಎಂದಷ್ಟೇ ಇರಲಿ. ಸಾಮಾನುಗಳಲ್ಲಿ ಹಂಡೆ, ಕೊಳಗ, ಬಿಂದಿಗೆ ಮೂರು ಸಾಕು. ಇಷ್ಟಾದರೆ 30ರೊಳಗೆ ಬರುತ್ತದೆ.

ಎರಡನೆಯದು, 'ನಿಮ್ಮಮ್ಮ ಅಡುಗೆ ಕಲಿಸ್ಲಿಲ್ವ' ಎಂಬ ಸಾಲು. ಹಬ್ಬ ಆದ ಮೇಲೆ ಮದುವೆಗೆ ಪಾತ್ರೆ ಕೊಳ್ಳಲು ನಮ್ಮಲ್ಲಿಗೆ ಹುಡುಗಿಯ ತಾಯಂದಿರೇ ಹೆಚ್ಚಾಗಿ ಬರುತ್ತಾರೆ. ತಮಗೇ ಅಂದ ಹಾಗೆ ಅವರಿಗೆ ಅನ್ನಿಸೀತು ಎಂಬ ಅಳುಕು ನನಗೆ. ಅತ್ತೆ ರೇಗಲಿ, ತೊಂದರೆಯಿಲ್ಲ. ರೇಗುವುದು ಪಾತ್ರೆಯ ಮೇಲೋ ಸೀದ ಅನ್ನದ ಮೇಲೋ ಇದ್ದರೆ ಚೆನ್ನ. ಹೇಗೆಂದು ನೀವೇ ನೋಡಿ. ಕೊನೆಯಲ್ಲಿ ಅಂಗಡಿಗೆ ಕರೆಯುವ ಮಾತನ್ನೂ ಉಳಿದ ಮಾತಿನ ಹಾಗೆ ಮನೆಮಾತಿನಲ್ಲೇ ಬರೆದುಕೊಡಲು ಸಾಧ್ಯವೇ?

ಧ್ವನಿ ಕೊಡುವವರು ಮುಂದಿನ ಶನಿವಾರ ಬರುತ್ತಾರೆ. ಗುರುವಾರದೊಳಗೆ ಸಿಕ್ಕರೆ ಅನುಕೂಲ. ನಾನು ಹೇಳಿದ್ದರಲ್ಲಿ ಯಾವುದಾದರೂ ಕಥೆಯನ್ನು ಕೆಡಿಸುತ್ತದೆ ಎನ್ನಿಸಿದರೆ ದಯವಿಟ್ಟು ತಿಳಿಸಿ, ಮಾತಾಡೋಣ.

ನಿಮ್ಮ ವಿಶ್ವಾಸಿ"

ಇದರಲ್ಲಿ ಗಮನಿಸಬೇಕಾದ್ದು ಮೊದಲ ಹೊಗಳಿಕೆ. ಇಂಥ ಸಾಲು ಇಷ್ಟವಾಯಿತು, ಇಂಥ ಕಾರಣಕ್ಕೆ, ಎಂದು ಹೇಳಿದ್ದರಿಂದ ಅದು ಅಲ್ಲಿ ಕೆಲಸ ಮಾಡುತ್ತಿದೆ. ಯಾವುದನ್ನು ತೆಗೆಯಬಾರದು ಎಂದು ಮೇಷ್ಟ್ರಿಗೆ ಅದರಿಂದಲೇ ತಿಳಿಯುತ್ತದೆ. 'ತುಂಬಾ ಚೆನ್ನಾಗಿದೆ' ಎಂದು ಬಿಟ್ಟರೆ ಮುಂದೆ ಬರುವ 'ಆದರೆ'ಗೆ ಪೀಠಿಕೆಯಾಗಿ ಕೇಳಿಸುತ್ತದೆ. ಹಾಗೆಯೇ 'ದಯವಿಟ್ಟು' ಎಂಬುದು ಇಡೀ ಟಿಪ್ಪಣಿಯಲ್ಲಿ ಒಂದೇ ಸಲ ಬಂದಿದೆ. ಪ್ರತಿ ಸಾಲಿಗೂ ದಯವಿಟ್ಟು, ಕ್ಷಮಿಸಿ ಹಾಕಿದರೆ ಏನೋ ದೊಡ್ಡ ಅನಾಹುತವಾಗಿದೆ ಎಂದು ಓದುವವರು ಗಾಬರಿಯಾಗುತ್ತಾರೆ.

ಅವರು ಒಪ್ಪದೆ, ಅತ್ತೆಯ ಆ ಸಾಲು ಇದ್ದರೇ ಸೊಸೆಯ ಮಾತಿಗೆ ಬಿರುಸು ಬರುವುದು ಎಂದರೆ? ಅವರ ಮಾತಿನಲ್ಲಿ ಹುರುಳಿದೆ, ಏಟಿಲ್ಲದೆ ತಿರುಗೇಟಿಗೆ ಬೆಲೆಯಿಲ್ಲ. ಆಗ ಹಟ ಹಿಡಿಯದೆ, ಏಟು ಇರಲಿ, ಅದು ತಾಯಿಗೆ ಬೀಳದಿರಲಿ ಎಂದಷ್ಟೇ ಹೇಳಿ. ಆ ಒಂದು ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು, ಯಾಕೆಂದರೆ ಗಿರಾಕಿಯನ್ನು ಬಲ್ಲವರು ನೀವು. ಉಳಿದದ್ದರಲ್ಲಿ, ಕೊನೆಯ ಘೋಷಣೆ ಸೇರಿದಂತೆ, ಅವರ ಮಾತೇ ನಡೆಯಲಿ.

ಸಂಭಾವನೆಯ ಬಗ್ಗೆ ನೀವು ಏನೂ ಬರೆದಿಲ್ಲ. ಒಂದೆರಡು ಸಲ ತಿದ್ದಿಕೊಡುವುದು ಸಾಮಾನ್ಯವಾಗಿ ಮೊದಲು ಮಾತಾಡಿದ ಹಣದಲ್ಲೇ ಸೇರಿರುತ್ತದೆ, ನೀವು ಈಗ ಕೇಳುತ್ತಿರುವುದು ಅಷ್ಟನ್ನೇ. ಆದರೆ ಅತ್ತೆ ಸೊಸೆಯೇ ಬೇಡ, ಬೇರೆ ಕಥೆ ಬರೆಯಿರಿ ಎಂದು ನಾಳೆ ಅನ್ನಿಸಿದರೆ ಅದು ಹೊಸ ಕೆಲಸ. ಅದಕ್ಕೆ ಬೇರೆ ಸಂಭಾವನೆ ಕೊಡುತ್ತೇನೆಂದು ನೀವೇ ಮೊದಲು ಹೇಳುವುದು ಮರ್ಯಾದೆ.

ತಿದ್ದಿದ ಪ್ರತಿ ಕೈಗೆ ಬಂದ ಕೂಡಲೇ ಮತ್ತೆ ಗಡಿಯಾರ ಇಟ್ಟು ಓದಿ. ಈ ಸಲ ಇಬ್ಬರು ಓದಲಿ, ಒಬ್ಬರು ಅತ್ತೆ, ಒಬ್ಬರು ಸೊಸೆ, ನಡುವಿನ ತಡೆಯೂ ಲೆಕ್ಕಕ್ಕೆ ಸಿಗುತ್ತದೆ. 30ರೊಳಗೆ ಬಂದರೆ ಆ ಪ್ರತಿಯ ಮೇಲೆ 'ಅಂತಿಮ' ಎಂದು ಬರೆದು, ಮೇಷ್ಟ್ರಿಗೊಂದು, ಸ್ಟುಡಿಯೊಗೊಂದು ಕಳಿಸಿ. ಹಳೆಯ ಪ್ರತಿ ಕೈತಪ್ಪಿ ಸ್ಟುಡಿಯೊಗೆ ಹೋದರೆ ಶನಿವಾರ ಧ್ವನಿ ಕಲಾವಿದರ ಎದುರು ಮತ್ತೆ ತಿದ್ದಬೇಕಾಗುತ್ತದೆ, ಧ್ವನಿಮುದ್ರಣವಾದ ಮೇಲೆ ಗೊತ್ತಾದರೆ ಸ್ಟುಡಿಯೊ ಬಾಡಿಗೆ, ಕಲಾವಿದರ ಸಂಭಾವನೆ ಎರಡನ್ನೂ ಇನ್ನೊಮ್ಮೆ ಕೊಡಬೇಕಾಗುತ್ತದೆ.